ಹದಿನೆಂಟರ ಗಡಿಯಲ್ಲಿ ಬಿಎಂಐ: ಮಕ್ಕಳ ಪಟ್ಟಿಯಿಂದ ವಯಸ್ಕರ ವರ್ಗಕ್ಕೆ ದಾಟುವಾಗ ಲೆಕ್ಕ ತಪ್ಪದಿರಲು

ಪಿಯುಸಿ ಮುಗಿಸಿ ಪದವಿಗೆ ಸೇರುವ ಹೊತ್ತಿನ ಮಕ್ಕಳ ತಾಯಂದಿರು ಉಡುಪಿ, ಮಂಗಳೂರು ಕಡೆಯಿಂದ ನನ್ನ ಬಳಿ ತರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಕ್ಕಳ ಡಾಕ್ಟರು ನೋಡಿದಾಗ ಸ್ವಲ್ಪ ತೂಕ ಹೆಚ್ಚು ಅಂದಿದ್ದರು, ಆರು ತಿಂಗಳಲ್ಲಿ ಬೊಜ್ಜು ಅಂತ ಬರೆದು ಕೊಟ್ಟಿದ್ದಾರೆ. ಮೊಬೈಲಿನಲ್ಲಿ ಹಾಕಿದರೆ ಆರೋಗ್ಯಕರ ಅಂತ ಬರುತ್ತದೆ. ಯಾವುದನ್ನು ನಂಬಬೇಕು?" ಮೂರೂ ನಿಜವಾಗಿರಬಹುದು. ಅಳತೆಗೋಲು ಮೂರು, ಹುಡುಗಿ ಒಬ್ಬಳೇ.

ಎತ್ತರಕ್ಕೆ ತೂಕ ಹೊಂದುತ್ತದೆಯೇ ಎಂದು ತೋರಿಸುವ ಸಂಖ್ಯೆಯೇ ಬಿಎಂಐ. ಅದನ್ನು ಓದುವ ಈ ಮಾರ್ಗದರ್ಶಿ 17ರಿಂದ 20ರ ನಡುವಿನವರಿಗೆ ಮಾತ್ರ. ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಹೆಚ್ಚಿನವರು ನೇರವಾಗಿ ನಾಲ್ಕನೆಯ ಹಂತಕ್ಕೆ, ಅಂದರೆ ವರ್ಗದ ಹೆಸರಿಗೆ ಹಾರುತ್ತಾರೆ. ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ.

## ಮೊದಲು ಕೈಗೆ ಬೇಕಾದವು

ತೂಕದ ಯಂತ್ರ, ಹೊಲಿಗೆಯ ಟೇಪು, ಗಟ್ಟಿ ರಟ್ಟಿನ ಒಂದು ಪುಸ್ತಕ, ಪೆನ್ಸಿಲ್, ಜನನ ಪ್ರಮಾಣಪತ್ರ. ಇವುಗಳ ಜತೆಗೆ ಹಿಂದಿನ ಎರಡು ಮೂರು ವರ್ಷಗಳ ಎತ್ತರ ಮತ್ತು ತೂಕ ಬೇಕು. ಅದು ಮಕ್ಕಳ ವೈದ್ಯರ ಚೀಟಿಯಲ್ಲೋ ಶಾಲೆಯ ಆರೋಗ್ಯ ತಪಾಸಣೆಯ ಕಾರ್ಡಿನಲ್ಲೋ ಸಿಗುತ್ತದೆ. ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಹೋಗುವಾಗ ಹಳೆಯ ಬೆಳವಣಿಗೆಯ ಪಟ್ಟಿ ತಾನಾಗಿ ಹಿಂದೆ ಬರುವುದಿಲ್ಲ. ಕೊನೆಯ ಭೇಟಿಯಲ್ಲೇ ಅದರ ಫೋಟೋ ತೆಗೆದುಕೊಳ್ಳಿ. ಅದಿಲ್ಲದೆ ಹೊಸ ವೈದ್ಯರ ಮುಂದೆ ಇರುವುದು ಒಂದೇ ಒಂದು ದಿನದ ಸಂಖ್ಯೆ, ಮತ್ತು ಒಂದು ದಿನದ ಸಂಖ್ಯೆಯಿಂದ ಈ ವಯಸ್ಸಿನಲ್ಲಿ ಹೇಳಬಹುದಾದದ್ದು ಬಹಳ ಕಡಿಮೆ.

## 1. ಎತ್ತರವನ್ನು ಹೊಸದಾಗಿ ಅಳೆಯಿರಿ

ತೂಕದ ಬಗ್ಗೆ ಎಲ್ಲರಿಗೂ ಎಚ್ಚರ, ಎತ್ತರದ ಬಗ್ಗೆ ಯಾರಿಗೂ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಬರೆಸಿದ ಎತ್ತರವನ್ನೇ ಪದವಿಯವರೆಗೂ ಹೇಳಿಕೊಂಡು ಬರುತ್ತಾರೆ. ಹುಡುಗಿಯರ ಮಟ್ಟಿಗೆ ಇದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ, ಆದರೆ ಹುಡುಗರು 17, 18ರಲ್ಲೂ ಬೆಳೆಯುತ್ತಿರಬಹುದು. ಒಂದು ವರ್ಷದಲ್ಲಿ 168ರಿಂದ 171 ಸೆಂಟಿಮೀಟರಿಗೆ ಏರಿದ 62 ಕಿಲೋದ ಹುಡುಗನ ಬಿಎಂಐ ಹಳೆಯ ಎತ್ತರದಲ್ಲಿ 22, ಸರಿಯಾದ ಎತ್ತರದಲ್ಲಿ 21.2.

ಗೋಡೆಯ ಬುಡದಲ್ಲಿ ಹೊರಚಾಚಿದ ಟೈಲ್ಸ್ ಪಟ್ಟಿ ಇದ್ದರೆ ಹಿಮ್ಮಡಿ ಗೋಡೆಗೆ ತಾಗುವುದಿಲ್ಲ. ಪಟ್ಟಿ ಇಲ್ಲದ ಜಾಗ ಅಥವಾ ಬಾಗಿಲ ದಾರಂದ ಹುಡುಕಿ. ಚಪ್ಪಲಿ ಇಲ್ಲದೆ, ಹಿಮ್ಮಡಿ ಮತ್ತು ಬೆನ್ನು ಆನಿಸಿ, ನೇರ ಮುಂದೆ ನೋಡುತ್ತ ನಿಲ್ಲಲಿ. ಪುಸ್ತಕದ ಒಂದು ಅಂಚು ಗೋಡೆಗೂ ಇನ್ನೊಂದು ನೆತ್ತಿಗೂ ಒತ್ತಿರುವಂತೆ ಇಟ್ಟು, ಅದರ ಅಡಿಯಲ್ಲಿ ಗೆರೆ ಎಳೆಯಿರಿ. ನೆತ್ತಿಯ ಮೇಲಿನ ಗಂಟು, ಜುಟ್ಟು, ಶಂಕರಪುರ ಮಲ್ಲಿಗೆಯ ಅಟ್ಟಿ ಇದ್ದರೆ ಮೊದಲು ತೆಗೆಸಿ. ಪುಸ್ತಕ ಕೂದಲನ್ನು ಒತ್ತಿ ತಲೆಗೆ ಮುಟ್ಟಬೇಕು. ಸಂಜೆಯ ವೇಳೆಗೆ ಎತ್ತರ ಸುಮಾರು ಒಂದು ಸೆಂಟಿಮೀಟರಿನಷ್ಟು ಕುಗ್ಗಿರುತ್ತದೆ, ಹಾಗಾಗಿ ಪ್ರತಿ ಬಾರಿಯೂ ಬೆಳಿಗ್ಗೆಯೇ ಅಳೆಯಿರಿ.

ಒಂದೆರಡು ಸೆಂಟಿಮೀಟರಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದರೆ, ಈ ವಯಸ್ಸಿನಲ್ಲಿ ಹೌದು. 61.6 ಕಿಲೋ ತೂಗುವವಳ ಎತ್ತರ 155 ಎಂದು ಬರೆದರೆ ಬಿಎಂಐ 25.6, 157 ಎಂದು ಬರೆದರೆ 25.0. ವರ್ಗ ಬದಲಾಗುವ ಗೆರೆ 25ರಲ್ಲೇ ಇರುವುದರಿಂದ, ಇಲ್ಲಿ ಅರ್ಧ ಅಂಕ ಸಣ್ಣದಲ್ಲ.

ತೂಕಕ್ಕೆ ಎರಡೇ ಮಾತು. ಯಂತ್ರ ಗಟ್ಟಿ, ಸಮತಟ್ಟಾದ ನೆಲದ ಮೇಲಿರಲಿ: ಚಾಪೆಯ ಮೇಲೆ ಬೇಡ, ಅಲ್ಲಲ್ಲಿ ತಗ್ಗಾದ ಹಳೆಯ ಕಾವಿ ನೆಲದ ಮೇಲೂ ಬೇಡ. ಬೆಳಿಗ್ಗೆ, ಶೌಚದ ನಂತರ, ತೆಳು ಬಟ್ಟೆಯಲ್ಲಿ ನೋಡಿ. ಪ್ರತಿ ಸಲವೂ ಅದೇ ಯಂತ್ರವಾಗಿರಲಿ.

## 2. ವಯಸ್ಸನ್ನು ವರ್ಷ ಮತ್ತು ತಿಂಗಳಲ್ಲಿ ಬರೆಯಿರಿ

"ಹದಿನೆಂಟು ನಡೆಯುತ್ತಿದೆ" ಎಂಬ ಲೆಕ್ಕ ಇಲ್ಲಿ ಸಾಲದು. ನಮ್ಮಲ್ಲಿ ಹಾಗೆ ಹೇಳುವಾಗ 17 ತುಂಬಿರುತ್ತದೆ, 18 ತುಂಬಿರುವುದಿಲ್ಲ. ಪಟ್ಟಿಗೆ ಬೇಕಾದದ್ದು ತುಂಬಿದ ವರ್ಷ ಮತ್ತು ತಿಂಗಳು: 17 ವರ್ಷ 10 ತಿಂಗಳು, 18 ವರ್ಷ 4 ತಿಂಗಳು, ಹೀಗೆ.

ಇನ್ನೊಂದು ಸೂಕ್ಷ್ಮವಿದೆ. ಶಾಲೆಗೆ ಸೇರಿಸುವಾಗ ವಯಸ್ಸು ಹೊಂದಿಸಲು ಜನ್ಮದಿನವನ್ನು ಕೆಲವು ತಿಂಗಳು ಹಿಂದೆ ಮುಂದೆ ಮಾಡಿದ ಮನೆಗಳಿವೆ. ಅಂಕಪಟ್ಟಿಯ ದಿನಾಂಕ ಕಾನೂನಿಗೆ ಸರಿ, ದೇಹಕ್ಕೆ ಅದು ಗೊತ್ತಿಲ್ಲ. ಬೆಳವಣಿಗೆಯ ಪಟ್ಟಿಗೆ ನಿಜವಾಗಿ ಹುಟ್ಟಿದ ದಿನವನ್ನೇ ಹಾಕಿ.

## 3. ಯಾವ ಪಟ್ಟಿ ಎಂಬುದನ್ನು ಗುರುತಿಸಿ

ಬಿಎಂಐ ಲೆಕ್ಕ ಎಲ್ಲ ವಯಸ್ಸಿಗೂ ಒಂದೇ: ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸುವುದು. ಬೇರೆಯಾಗುವುದು ಬಂದ ಸಂಖ್ಯೆಯನ್ನು ಓದುವ ರೀತಿ. ಮಕ್ಕಳ ಬಿಎಂಐ ಐದಾರು ವರ್ಷದ ಹೊತ್ತಿಗೆ ತೀರ ಕೆಳಗಿಳಿದು, ಅಲ್ಲಿಂದ ಹರೆಯದುದ್ದಕ್ಕೂ ಏರುತ್ತ ಹೋಗುತ್ತದೆ. ಆದ್ದರಿಂದ ಅವರಿಗೆ ಒಂದೇ ಗಡಿಸಂಖ್ಯೆ ಇಡಲು ಬರುವುದಿಲ್ಲ. ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಸಾಲಿನಲ್ಲಿ ಇವನ ಅಥವಾ ಇವಳ ಜಾಗ ಎಲ್ಲಿ ಎಂದು ನೋಡುತ್ತಾರೆ, ಅದೇ ಪರ್ಸೆಂಟೈಲ್. ವಯಸ್ಕರ ಗಡಿಗಳು ಹುಟ್ಟಿದ ರೀತಿ ಬೇರೆ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಅಪಾಯ ಎಲ್ಲಿಂದ ಏರುತ್ತದೆ ಎಂಬುದರ ಮೇಲೆ ಅವು ನಿಂತಿವೆ. ಒಂದು ಸಾಲಿನಲ್ಲಿನ ಸ್ಥಾನ, ಇನ್ನೊಂದು ಅಪಾಯದ ಅಂದಾಜು. ಇವೆರಡೂ ಒಂದು ಹುಟ್ಟುಹಬ್ಬದ ದಿನ ತಟಕ್ಕನೆ ಒಂದಕ್ಕೊಂದು ಕೂಡಬೇಕೆಂದರೆ ಕೂಡುವುದಿಲ್ಲ.

ನಮ್ಮ ಕಡೆ ಎದುರಾಗುವುದು ಸಾಮಾನ್ಯವಾಗಿ ನಾಲ್ಕು ಅಳತೆಗಳು.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ, ಅಂದರೆ ಐಎಪಿ, 2015ರಲ್ಲಿ ಪರಿಷ್ಕರಿಸಿದ ಪಟ್ಟಿ 5ರಿಂದ 18 ವರ್ಷದವರಿಗೆ. ಮಕ್ಕಳ ವೈದ್ಯರ ಮೇಜಿನ ಮೇಲಿರುವುದು ಹೆಚ್ಚಾಗಿ ಇದೇ. ಇದರಲ್ಲಿ ಎರಡು ವಿಶೇಷ ಗೆರೆಗಳಿವೆ. ಒಂದು 18 ವರ್ಷಕ್ಕೆ 23ನ್ನು ಮುಟ್ಟುವಂತೆ, ಇನ್ನೊಂದು 27ನ್ನು ಮುಟ್ಟುವಂತೆ ಎಳೆದದ್ದು. ಮೊದಲನೆಯದನ್ನು ದಾಟಿದರೆ ಅಧಿಕ ತೂಕ, ಎರಡನೆಯದನ್ನು ದಾಟಿದರೆ ಬೊಜ್ಜು.

ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿ 19 ವರ್ಷದವರೆಗೆ ಹೋಗುತ್ತದೆ. ಇದರ ಅಧಿಕ ತೂಕದ ಗೆರೆ 19ರಲ್ಲಿ 25ರ ಆಸುಪಾಸಿಗೂ ಬೊಜ್ಜಿನ ಗೆರೆ 30ರ ಹತ್ತಿರಕ್ಕೂ ಬಂದು ನಿಲ್ಲುತ್ತದೆ. ಅಂದರೆ ಅದೇ ಸಂಸ್ಥೆಯ ವಯಸ್ಕರ ಗಡಿಗಳಿಗೆ ಮೇಲ್ಬದಿಯಲ್ಲಿ ಚೆನ್ನಾಗಿ ಕೂಡಿಕೊಳ್ಳುತ್ತದೆ.

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ 2000ದ ಪಟ್ಟಿ 20 ತುಂಬುವವರೆಗೂ ಮಕ್ಕಳ ಲೆಕ್ಕವನ್ನೇ ಹಿಡಿಯುತ್ತದೆ. 85ನೆಯ ಪರ್ಸೆಂಟೈಲಿನಿಂದ ಅಧಿಕ ತೂಕ, 95ರಿಂದ ಬೊಜ್ಜು. ಮೊಬೈಲಿನಲ್ಲಿ ಜನ್ಮದಿನ ಕೇಳಿ ಪರ್ಸೆಂಟೈಲ್ ತೋರಿಸುವ ಲೆಕ್ಕಯಂತ್ರಗಳಲ್ಲಿ ಹೆಚ್ಚು ಕಾಣುವುದು ಇದೇ.

ಕೊನೆಯದು ಭಾರತೀಯ ವಯಸ್ಕರಿಗೆ ವೈದ್ಯರು ಬಳಸುವ ಗಡಿಗಳು: 23ರಿಂದ 24.9 ಅಧಿಕ ತೂಕ, 25 ಮತ್ತು ಮೇಲೆ ಬೊಜ್ಜು. ನಮ್ಮವರಲ್ಲಿ ಕಡಿಮೆ ಬಿಎಂಐಯಲ್ಲೇ ಹೊಟ್ಟೆಯ ಕೊಬ್ಬು ಮತ್ತು ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದರಿಂದ ಗಡಿಯನ್ನು ಕೆಳಗಿಳಿಸಿದ್ದಾರೆ.

ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಐಎಪಿ ಪಟ್ಟಿಯಲ್ಲಿ ಬೊಜ್ಜಿನ ಗೆರೆ 18ಕ್ಕೆ 27ರಲ್ಲಿ ಮುಗಿಯುತ್ತದೆ, ದೊಡ್ಡವರ ವಿಭಾಗದಲ್ಲಿ ಬೊಜ್ಜು 25ರಿಂದಲೇ ಶುರು. ಎರಡೂ ಭಾರತೀಯರಿಗಾಗಿಯೇ ಮಾಡಿದವು. ಆದರೂ ನಡುವೆ ಎರಡು ಅಂಕಗಳ ಕಂದಕ. 25ಕ್ಕೂ 27ಕ್ಕೂ ನಡುವೆ ಇರುವ ಪ್ರತಿಯೊಬ್ಬ ಹುಡುಗ, ಹುಡುಗಿಯೂ 18 ತುಂಬಿದ ಕೂಡಲೇ, ಒಂದು ಗ್ರಾಂ ಏರದೆಯೂ, ಅಧಿಕ ತೂಕದಿಂದ ಬೊಜ್ಜಿಗೆ ಬೀಳುತ್ತಾರೆ. ನನಗೆ ಬರುವ ದೂರುಗಳಲ್ಲಿ ದೊಡ್ಡ ಪಾಲು ಈ ಕಂದಕದ್ದೇ.

ನಿಮ್ಮ ಮೊಬೈಲ್ ಆ್ಯಪ್ ವಯಸ್ಸನ್ನೇ ಕೇಳದಿದ್ದರೆ ಅದು ನೇರವಾಗಿ ವಯಸ್ಕರ ಗಡಿ ಹಾಕುತ್ತಿದೆ ಎಂದರ್ಥ. 18 ತುಂಬದವರಿಗೆ ಅಂಥದ್ದನ್ನು ಬಳಸಲೇಬೇಡಿ.

## 4. ಎರಡೂ ಕಡೆಯಿಂದ ಓದಿ

18 ತುಂಬುವ ಮುನ್ನ ಐಎಪಿ ಪಟ್ಟಿ, ತುಂಬಿದ ಮೇಲೆ ಭಾರತೀಯ ವಯಸ್ಕರ ಗಡಿ: ನಮ್ಮಲ್ಲಿ ಇಟ್ಟುಕೊಳ್ಳಬಹುದಾದ ಸರಳ ನಿಯಮ ಇದು. ಆದರೆ 17ರಿಂದ 20ರವರೆಗೆ ಪ್ರತಿ ಅಳತೆಯ ಮುಂದೆ ದಿನಾಂಕ, ವಯಸ್ಸು, ಎತ್ತರ, ತೂಕ, ಬಿಎಂಐ, ಆಮೇಲೆ ಪಟ್ಟಿಯ ಹೆಸರು ಮತ್ತು ವರ್ಗ, ಇಷ್ಟನ್ನೂ ಬರೆಯಿರಿ. ಪಟ್ಟಿಯ ಹೆಸರಿಲ್ಲದ ವರ್ಗಕ್ಕೆ ಬೆಲೆಯಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ಉಡುಪಿಯಲ್ಲಿ ಪದವಿಯ ಮೊದಲ ವರ್ಷದಲ್ಲಿರುವ ಹುಡುಗಿ. ವಯಸ್ಸು 18 ವರ್ಷ 4 ತಿಂಗಳು, ಎತ್ತರ 156 ಸೆಂಟಿಮೀಟರ್, ತೂಕ 61.6 ಕಿಲೋ.

```
1.56 × 1.56 = 2.4336
61.6 ÷ 2.4336 = 25.3
```

ಸಿಡಿಸಿ ಪಟ್ಟಿಯಲ್ಲಿ ಈ ವಯಸ್ಸಿನ ಹುಡುಗಿಯರ 85ನೆಯ ಪರ್ಸೆಂಟೈಲ್ ಗೆರೆ 25.3ಕ್ಕಿಂತ ಸ್ವಲ್ಪ ಮೇಲಿದೆ. ಹಾಗಾಗಿ ಮೊಬೈಲ್ "ಆರೋಗ್ಯಕರ" ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅಧಿಕ ತೂಕದ ಗೆರೆ 25ರ ತುಸು ಕೆಳಗೆ, ಆದ್ದರಿಂದ ಅಲ್ಲಿ ಅಧಿಕ ತೂಕ. ಭಾರತೀಯ ವಯಸ್ಕರ ಗಡಿಯಲ್ಲಿ 25 ದಾಟಿದ್ದಾಳೆ, ಬೊಜ್ಜು. ಮೂರು ಹೆಸರುಗಳಲ್ಲಿ ಯಾವುದೂ ಲೆಕ್ಕದ ತಪ್ಪಲ್ಲ.

ಈಗ ಹಳೆಯ ಚೀಟಿಗಳನ್ನು ತೆಗೆಯೋಣ. 16 ತುಂಬಿದಾಗ 155.5 ಸೆಂಟಿಮೀಟರ್, 58 ಕಿಲೋ, ಬಿಎಂಐ 24. 17 ವರ್ಷ 10 ತಿಂಗಳಿಗೆ 156 ಸೆಂಟಿಮೀಟರ್, 60.8 ಕಿಲೋ, ಬಿಎಂಐ 25. ಎರಡೂ ಸಲ ಐಎಪಿ ಪಟ್ಟಿಯ ಎರಡು ಗೆರೆಗಳ ನಡುವೆ, ಅಂದರೆ ಅಧಿಕ ತೂಕದಲ್ಲಿ ಇದ್ದಳು. "ಆರು ತಿಂಗಳಲ್ಲಿ ಬೊಜ್ಜು" ಎಂದು ಮನೆಯವರು ಗಾಬರಿಯಾದ ಆ ಆರು ತಿಂಗಳಲ್ಲಿ ಏರಿದ್ದು 800 ಗ್ರಾಂ. ಏರಿಕೆ ನಿಧಾನವಾಗಿ, ಒಂದೇ ದಿಕ್ಕಿನಲ್ಲಿ ಎರಡು ವರ್ಷದಿಂದ ನಡೆದಿದೆ.

ಹಾಗಾದರೆ ಚಿಂತೆ ಬೇಡವೇ? ಅದೂ ಅಲ್ಲ. ಇಲ್ಲಿ ಜನ ಇನ್ನೊಂದು ತುದಿಗೆ ಜಾರುತ್ತಾರೆ. ಪಟ್ಟಿ ಬದಲಾದದ್ದಷ್ಟೇ ಎಂದು ಗೊತ್ತಾದ ಕೂಡಲೇ ಕಡತ ಮುಚ್ಚಿಬಿಡುತ್ತಾರೆ. ಈ ಹುಡುಗಿಯ ವಿಷಯದಲ್ಲಿ ಹೊಸ ಹೆಸರು ಹೊಸ ಕಾಯಿಲೆಯನ್ನು ಹೇಳುತ್ತಿಲ್ಲ, ಎರಡು ವರ್ಷದಿಂದ ಇದ್ದ ವಿಷಯವನ್ನು ಗಟ್ಟಿ ದನಿಯಲ್ಲಿ ಹೇಳುತ್ತಿದೆ. ಮುಂದಿನ ಹಂತ ಬೇಕಾಗುವುದು ಅದಕ್ಕೇ.

## 5. ಸೊಂಟದ ಸುತ್ತಳತೆ ತೆಗೆದುಕೊಳ್ಳಿ

ವರ್ಗಗಳು ಜಗಳವಾಡುವಾಗ ತೀರ್ಪಿಗೆ ಟೇಪು ಬೇಕು. ಪಕ್ಕೆಲುಬಿನ ಕೊನೆಯ ಅಂಚನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಬದಿಯಲ್ಲಿ ಬೆರಳಿನಿಂದ ಗುರುತಿಸಿ, ಅವೆರಡರ ನಟ್ಟನಡುವೆ ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತಿ. ಸಹಜವಾಗಿ ಉಸಿರು ಬಿಟ್ಟ ಕೊನೆಗೆ ಓದಿ. ಪ್ಯಾಂಟ್ ಕಟ್ಟುವ ಜಾಗ ಸೊಂಟದ ಸುತ್ತಳತೆಯಲ್ಲ. ದರ್ಜಿಗೆ ಕೊಟ್ಟ ಅಳತೆ ಇಲ್ಲಿ ನಡೆಯುವುದಿಲ್ಲ. ಹೊಟ್ಟೆ ಒಳಗೆಳೆದುಕೊಂಡರೆ ಅದು ಸಡಿಲವಾಗುವಷ್ಟು ಹೊತ್ತು ಮಾತನಾಡಿಸಿ, ಆಮೇಲೆ ಓದಿ.

ಭಾರತೀಯ ವಯಸ್ಕರಲ್ಲಿ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಗಡಿ. 18ರ ಆಚೀಚೆ ಎರಡೂ ಕಡೆ ಅನುಕೂಲವಾಗುವ ಇನ್ನೊಂದು ಲೆಕ್ಕವಿದೆ: ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಇದು ವಯಸ್ಸಿನ ಜತೆ ಬದಲಾಗುವ ಗೆರೆಯಲ್ಲವಾದ್ದರಿಂದ ದಾಟುವ ಕಾಲದಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಮ್ಮ ಹುಡುಗಿಯ ಸುತ್ತಳತೆ 82. ಎತ್ತರದ ಅರ್ಧ 78, ವಯಸ್ಕರ ಗಡಿ 80. ಎರಡನ್ನೂ ದಾಟಿದೆ. ಕುತ್ತಿಗೆಯ ಹಿಂದೆ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಪಟ್ಟಿ ಇದೆ, ತಂದೆಗೆ ಸಕ್ಕರೆ ಕಾಯಿಲೆ ಇದೆ. ಆ ಕಪ್ಪನ್ನು ಮನೆಯವರು ಕೊಳೆ ಎಂದು ಉಜ್ಜಿಸುತ್ತಿರುತ್ತಾರೆ, ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತಾಗಿರಬಹುದು. ಇವಳಿಗೆ ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆ ಮಾಡಿಸಬೇಕು, ಮುಟ್ಟು ಕ್ರಮವಾಗಿ ಆಗುತ್ತಿದೆಯೇ ಎಂದು ಕೇಳಬೇಕು. ಮೊಬೈಲಿನ "ಆರೋಗ್ಯಕರ" ಎಂಬ ಮಾತು ಇಲ್ಲಿ ಸೋತಿತು.

ತದ್ವಿರುದ್ಧ ಉದಾಹರಣೆಯೂ ಇದೆ. ಕಾಲೇಜಿನ ವಾಲಿಬಾಲ್ ತಂಡದ ಹುಡುಗ, 18 ವರ್ಷ, 172 ಸೆಂಟಿಮೀಟರ್, 72 ಕಿಲೋ. ಬಿಎಂಐ 24.3, ಭಾರತೀಯ ಗಡಿಯಲ್ಲಿ ಅಧಿಕ ತೂಕ. ಸುತ್ತಳತೆ 78, ಎತ್ತರದ ಅರ್ಧ 86. ಇವನ ಗಂಜಿಯ ತಟ್ಟೆಯಿಂದ ಅನ್ನ ತೆಗೆಯುವ ಅಗತ್ಯವಿಲ್ಲ.

## 6. ಸಣ್ಣಗಿರುವವರ ಗಡಿಯನ್ನು ಬೇರೆಯಾಗಿ ನೋಡಿ

ದಪ್ಪದ ಬಗ್ಗೆ ಇಷ್ಟು ಮಾತು ನಡೆಯುವಾಗ ಸಣ್ಣಗಿರುವವರು ಮರೆತುಹೋಗುತ್ತಾರೆ. ನನಗೆ ಹೆಚ್ಚು ಭಯ ಇರುವುದು ಈ ಬದಿಯಲ್ಲೇ.

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಮೇಲ್ಬದಿಯಲ್ಲಿ ಕೂಡಿಕೊಂಡಂತೆ ಕೆಳಬದಿಯಲ್ಲಿ ಕೂಡುವುದಿಲ್ಲ. 19 ವರ್ಷದ ಹುಡುಗಿಗೆ ಅದರ ಕೃಶತೆಯ ಗೆರೆ 16.5, ಹುಡುಗನಿಗೆ 17.6. ವಯಸ್ಕರಿಗೆ ಕಡಿಮೆ ತೂಕ ಎನ್ನುವುದು 18.5ರ ಕೆಳಗೆ. ಅಂದರೆ 17.2 ಇರುವ ಹುಡುಗಿ ಮಕ್ಕಳ ಪಟ್ಟಿಯಲ್ಲಿ ಸಹಜ, ದೊಡ್ಡವರ ಪಟ್ಟಿಗೆ ಬಂದ ಕೂಡಲೇ ಕಡಿಮೆ ತೂಕ. ಅಜ್ಜಿ ಲೇಹ್ಯ ತರಿಸುತ್ತಾರೆ, ಮಾವ ಪ್ರೋಟೀನ್ ಪುಡಿಯ ಡಬ್ಬ ತರುತ್ತಾರೆ. ಅವಳು ಹದಿಮೂರರಿಂದಲೂ ಅದೇ ಗೆರೆಯ ಜತೆಗೆ ಬೆಳೆದಿದ್ದರೆ, ಊಟ ಚೆನ್ನಾಗಿದ್ದರೆ, ಮುಟ್ಟು ತಪ್ಪದಿದ್ದರೆ, ರಕ್ತಹೀನತೆ ಇದೆಯೇ ಎಂದು ಒಮ್ಮೆ ಪರೀಕ್ಷಿಸಿ, ಆರು ತಿಂಗಳ ನಂತರ ಮತ್ತೆ ಅಳೆದರೆ ಸಾಕಾಗಬಹುದು.

ಇದರ ಪಕ್ಕದಲ್ಲೇ ಇನ್ನೊಬ್ಬಳು ಇದ್ದಾಳೆ ಎಂದುಕೊಳ್ಳಿ. ದ್ವಿತೀಯ ಪಿಯುಸಿಗೆ ಹಾಸ್ಟೆಲ್ ಸೇರುವಾಗ ಬಿಎಂಐ 21, ನೀಟ್ ಮುಗಿಸಿ ಮನೆಗೆ ಬಂದಾಗ 18.6. ವಯಸ್ಕರ ಲೆಕ್ಕದಲ್ಲಿ ಇವಳು "ಸಹಜ". ಕಾಲೇಜಿನ ಫಿಟ್ನೆಸ್ ಪ್ರಮಾಣಪತ್ರದಲ್ಲಿ ಯಾರೂ ತಡೆಯುವುದಿಲ್ಲ. ಬಂಧುಗಳು ಚೆನ್ನಾಗಿ ಇಳಿಸಿದ್ದೀಯ ಎಂದು ಹೊಗಳುವುದೂ ಉಂಟು. ಆದರೆ 156 ಸೆಂಟಿಮೀಟರ್ ಎತ್ತರದಲ್ಲಿ ಇದು ಸುಮಾರು ಆರು ಕಿಲೋ ಇಳಿತ, ಅದೂ ಏರಬೇಕಾದ ಅಥವಾ ನಿಲ್ಲಬೇಕಾದ ವಯಸ್ಸಿನಲ್ಲಿ. ಮಕ್ಕಳ ಪಟ್ಟಿಯಲ್ಲಿ ಗುರುತು ಹಾಕಿದ್ದರೆ ಗೆರೆಗಳನ್ನು ಅಡ್ಡಲಾಗಿ ಕತ್ತರಿಸಿಕೊಂಡು ಕೆಳಗಿಳಿಯುವುದು ಕಣ್ಣಿಗೆ ಹೊಡೆಯುತ್ತಿತ್ತು. ವಯಸ್ಕರ ವರ್ಗದಲ್ಲಿ ಗೆರೆಗಳೇ ಇಲ್ಲ, ಹಾಗಾಗಿ ಇಳಿತ ಕಾಣುವುದಿಲ್ಲ. 17.2ರವಳಿಗಿಂತ ಮೊದಲು ವೈದ್ಯರ ಬಳಿ ಹೋಗಬೇಕಾದವಳು ಇವಳು.

## ತಡಮಾಡಬಾರದ ಲಕ್ಷಣಗಳು

ಪ್ರಯತ್ನಪಡದೆ ತೂಕ ಇಳಿಯುತ್ತಿದ್ದು ಜತೆಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಿ. ಈ ವಯಸ್ಸಿನ ಟೈಪ್ 1 ಮಧುಮೇಹ ಕಾಯುವುದಿಲ್ಲ. ತೂಕ ಇಳಿದು ಮೂರು ತಿಂಗಳು ಮುಟ್ಟು ನಿಂತರೆ, ಎರಡು ವಾರ ಮೀರಿದ ಕೆಮ್ಮು ಅಥವಾ ಸಂಜೆ ಜ್ವರ ಇದ್ದರೆ, ಊಟದ ನಂತರ ಬಚ್ಚಲಿಗೆ ಹೋಗಿ ವಾಂತಿ ಮಾಡುವುದು ಗಮನಕ್ಕೆ ಬಂದರೆ, ಬಿಎಂಐ ಯಾವ ವರ್ಗದಲ್ಲಿದ್ದರೂ ವೈದ್ಯರನ್ನು ಕಾಣಿ. ಮೇಲ್ಬದಿಯಲ್ಲಿ, ಕೆಲವೇ ತಿಂಗಳಲ್ಲಿ ಬಿಎಂಐ ಎರಡು ಅಂಕ ಏರಿದ್ದರೆ, ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ ಕಾಯಬೇಡಿ.

## ಮತ್ತೆ ಮತ್ತೆ ನೋಡುವ ತಪ್ಪುಗಳು

ಪರ್ಸೆಂಟೈಲನ್ನು ಅಂಕದಂತೆ ಓದುವುದು ಮೊದಲನೆಯದು. ಕೋಚಿಂಗ್ ತರಗತಿಗಳ ಊರಿನಲ್ಲಿ 92 ಪರ್ಸೆಂಟೈಲ್ ಎಂದರೆ ಮುಖ ಅರಳುತ್ತದೆ. ಇಲ್ಲಿ ಅದರ ಅರ್ಥ, ನೂರರಲ್ಲಿ 92 ಮಂದಿಯ ಬಿಎಂಐ ಇವನದಕ್ಕಿಂತ ಕಡಿಮೆ ಎಂದಷ್ಟೇ.

ಪಟ್ಟಿ ಬದಲಿಸುತ್ತ ತಮಗೆ ಬೇಕಾದ ಉತ್ತರ ಬರುವವರೆಗೆ ಹುಡುಕುವುದು ಎರಡನೆಯದು. ಹುಡುಗನ ಪಟ್ಟಿಯಲ್ಲಿ ಹುಡುಗಿಯ ಗುರುತು ಹಾಕುವುದು ಕೇಳಲು ತಮಾಷೆ, ಆದರೆ ಎರಡೂ ಒಂದೇ ಹಾಳೆಯ ಎರಡು ಬದಿಗಳಲ್ಲಿ ಅಚ್ಚಾಗಿರುವಾಗ ಆಗಿಯೇ ಆಗುತ್ತದೆ. ವಾರಕ್ಕೊಮ್ಮೆ ಅಳೆಯುವುದೂ ಬೇಡ. ಈ ವಯಸ್ಸಿನಲ್ಲಿ ಮೂರು ತಿಂಗಳಿಗೊಮ್ಮೆ ಸಾಕು. ಅದಕ್ಕಿಂತ ಹೆಚ್ಚಾದರೆ ಸಿಗುವುದು ನೀರಿನ ಏರಿಳಿತ ಮತ್ತು ಮನೆಯಲ್ಲಿ ಜಗಳ.

## 7. ಪಟ್ಟಿಯನ್ನು ಯಾವಾಗ ಬಿಡಬೇಕು

20 ತುಂಬಿದ ಮೇಲೆ ಎಲ್ಲ ಪಟ್ಟಿಗಳೂ ವಯಸ್ಕರ ಲೆಕ್ಕಕ್ಕೇ ಬರುತ್ತವೆ. ಆದರೆ ಸಿಡಿಸಿ ಲೆಕ್ಕಯಂತ್ರ ಬಳಸುತ್ತಿದ್ದವರಿಗೆ ಅಲ್ಲೂ ಒಂದು ಮೆಟ್ಟಿಲಿದೆ. 20ರ ಹುಡುಗನಿಗೆ ಅದರ 85ನೆಯ ಪರ್ಸೆಂಟೈಲ್ ಸುಮಾರು 27. ಹಾಗಾಗಿ 26 ಇರುವವನು ಹುಟ್ಟುಹಬ್ಬದ ಹಿಂದಿನ ದಿನ "ಆರೋಗ್ಯಕರ", ಮರುದಿನ ಅಧಿಕ ತೂಕ. ಭಾರತೀಯ ಗಡಿಯಲ್ಲಿ ಅವನು 18ರಿಂದಲೇ ಬೊಜ್ಜಿನ ಸಾಲಿನಲ್ಲಿದ್ದಾನೆ.

ಎರಡು ಅಳತೆಗಳ ನಡುವೆ ಆರು ತಿಂಗಳಾದರೂ ಎತ್ತರ ಬದಲಾಗದಿದ್ದರೆ ಬೆಳವಣಿಗೆ ನಿಂತಿದೆ ಎಂದುಕೊಳ್ಳಬಹುದು. ಆಮೇಲೆ ಆ ಎತ್ತರವನ್ನೇ ಖಾಯಂ ಆಗಿ ಬಳಸಿ, ತೂಕ ಮತ್ತು ಸುತ್ತಳತೆಯನ್ನು ಮಾತ್ರ ಬರೆಯುತ್ತ ಹೋಗಿ. ಎತ್ತರ ಇನ್ನೂ ಏರುತ್ತಿರುವ ಹುಡುಗನಾದರೆ 18 ತುಂಬಿದ್ದರೂ ಹಳೆಯ ಐಎಪಿ ಹಾಳೆಯನ್ನು ಕಡತದಲ್ಲೇ ಇಟ್ಟುಕೊಂಡು ವೈದ್ಯರಿಗೆ ತೋರಿಸಿ.